ಹಸಿರು ಶಾಯಿಯ ಸಾಲು

ಟಿಣ್... ಬಟ್ಟಲಿಗೆ ಒಂದೇ ಒಂದು ಹನಿ ಬಿದ್ದಂತೆ, ನಡುರಾತ್ರಿಯ ನೀರವತೆಯಲ್ಲಿ ಮೇಜಿನ ಮೇಲಿನ ಫೋನು ದನಿ ಮಾಡಿತು. ಕಿಟಕಿಯಾಚೆ ಮಳೆ ತೊಳೆದ ಬೀದಿಯ ಮೇಲೆ ದೀಪಗಳ ಕಾಂತಿ ಕರಗಿದ ಚಿನ್ನದಂತೆ ಹರಡಿತ್ತು. ಎದುರುಮನೆಯ ತಂತಿಯಲ್ಲಿ ಮರೆತುಹೋದ ಬಿಳಿ ಅಂಗಿಯೊಂದು ಯಾರನ್ನೋ ಕರೆಯುವಂತೆ ತೋಳಾಡಿಸುತ್ತಿತ್ತು.

ಸಹೃದಯರೇ, ಮುದ್ರಣಾಲಯದಲ್ಲಿ ಕರಡು ತಿದ್ದುವ ಆಕೆ ಹತ್ತು ದಿನಗಳಿಂದ ಕಾದಿದ್ದು ಈ ದನಿಗಾಗಿಯೇ!

ಶಾಲೆ ಬಿಟ್ಟು ಇಪ್ಪತ್ತೆಂಟು ವರ್ಷ. ಸಹಪಾಠಿಗಳ ಪುನರ್ಮಿಲನಕ್ಕೆ ವಾಟ್ಸಾಪ್ ಕರೆಯೋಲೆ ಬರೆಯುವ ಕೆಲಸವನ್ನು ಹಳೆಯ ಕ್ಲಾಸ್ ಲೀಡರ್ ಆಕೆಯ ತಲೆಗೇ ಕಟ್ಟಿದ್ದ.

"ಉದ್ದ ಬರೀಬೇಡ ತಾಯಿ. 'ಇನ್ನಷ್ಟು ಓದಿ' ಅಂತ ಬಂದ್ರೆ ಯಾರೂ ಒತ್ತಲ್ಲ. ತಾರೀಖು, ಜಾಗ ಮೇಲೇ ಇರಲಿ. ನಂಬರ್ ನಿಂದು ಹಾಕು, ಹೆಸರು ಬೇಡ. ಹೆಸರು ಹಾಕಿದ್ರೆ, ಅವಳ್ಯಾಕೆ, ನಾನ್ಯಾಕಲ್ಲ ಅಂತ ಶುರುವಾಗುತ್ತೆ."

ಏಳು ಸಲ ತಿದ್ದಿ ಆಕೆ ಬರೆದದ್ದು ಇಷ್ಟು:

"ಡಿಸೆಂಬರ್ ಎರಡನೇ ಭಾನುವಾರ, ಬೆಳಿಗ್ಗೆ ಹತ್ತಕ್ಕೆ, ನಮ್ಮದೇ ಶಾಲೆಯ ಅಂಗಳ. ಎಷ್ಟು ಜನ ಬರುತ್ತೀರೆಂದು ಈ ತಿಂಗಳೊಳಗೆ ಕೆಳಗಿನ ನಂಬರಿಗೆ ತಿಳಿಸಿ. ಗುಂಪಿನಲ್ಲಿಲ್ಲದವರಿಗೂ ದಾಟಿಸಿ. ಕೊನೆಯ ಬೆಂಚಿನವರೇ, ಈ ಸಲ ಮುಂದೆ ಕೂತರೂ ಯಾರೂ ಪ್ರಶ್ನೆ ಕೇಳುವುದಿಲ್ಲ. ಲೈಬ್ರರಿಯ ಅಟ್ಲಾಸಿನೊಳಗೆ ಹಸಿರು ಶಾಯಿಯ ಚೀಟಿ ಇಟ್ಟವರು ಬನ್ನಿ, ಓದಿದವರೂ ಬನ್ನಿ."

ಕೊನೆಯ ಸಾಲು ಒಬ್ಬನಿಗಾಗಿ... ಹತ್ತನೇ ತರಗತಿಯ ವರ್ಷವಿಡೀ ಆಕೆ ಹೆಸರಿಲ್ಲದ ಚೀಟಿಗಳನ್ನಿಟ್ಟಿದ್ದಳು. ಆತ ಅದೇ ಪುಟದಲ್ಲಿ ಪೆನ್ಸಿಲಿನ ಉತ್ತರ ಬಿಟ್ಟಿದ್ದ. ನಾನೇ ಎಂದು ಹೇಳುವ ಧೈರ್ಯ ಶರತ್ಕಾಲದ ಮೋಡದಂತೆ ಪ್ರತಿದಿನ ಕವಿದು, ಸುರಿಯದೆಯೇ ಚದುರಿಹೋಗಿತ್ತು.

ಕರೆಯೋಲೆ ಹೊರಟಿತು. ಮೂರನೇ ದಿನ ಅತ್ತಿಗೆಯ ಹೊಲಿಗೆ ಗುಂಪಿನಿಂದ, 'ಹಲವು ಬಾರಿ ದಾಟಿಸಲಾಗಿದೆ' ಎಂಬ ಗುರುತು ಹೊತ್ತು, ಆಕೆಗೇ ಮರಳಿ ಬಂತು. ಇಷ್ಟು ದೂರ ಹೋದದ್ದು ಅಲ್ಲಿಗೆ ಮುಟ್ಟದಿದ್ದೀತೆ?

ಈಗ ಮುಟ್ಟಿತ್ತು. ಅಪರಿಚಿತ ನಂಬರಿನ ಪಕ್ಕದ ಪುಟ್ಟ ಚಿತ್ರದಲ್ಲಿ ಆತನ ಮುಖ, ನರೆತ ಕೂದಲು.

"ನಾವಿಬ್ಬರೂ ಬರುತ್ತೇವೆ. ಆ ಚೀಟಿ ಇಡ್ತಿದ್ದದ್ದು ನನ್ನ ಹೆಂಡತಿಯೇ, ಆಗ ಲೈಬ್ರರಿ ಪುಸ್ತಕ ಜೋಡಿಸ್ತಿದ್ದವಳು. ಮದುವೆಗೆ ಮುಂಚೆ ಕೇಳಿದಾಗ ಇಲ್ಲ ಅನ್ನದೆ ಸುಮ್ಮನೆ ನಕ್ಕಿದ್ದಳು. ಆ ನಗುವಿಗೇ ಒಪ್ಪಿದೆ. ನಿಮಗೆ ಹೇಗೆ ಗೊತ್ತಾಯ್ತು? ನಿಮ್ಮ ಸಾಲು ಓದಿ ಹೇಳಿದಾಗಿನಿಂದ ಅವಳು ಅಳ್ತಾನೇ ಇದ್ದಾಳೆ. ಸಂತೋಷಕ್ಕೇ ಇರಬೇಕು."

ಆ ಅಳುವಿನ ಅರ್ಥ ಬಲ್ಲವರು ಲೋಕದಲ್ಲಿ ಇಬ್ಬರೇ: ಅಂದು ಸುಮ್ಮನೆ ನಕ್ಕವಳು, ಮತ್ತು ಚೀಟಿ ಬರೆದ ಈಕೆ. ಆಕೆಯ ಬೆರಳು ಅಕ್ಷರಗಳನ್ನು ಒತ್ತಿತು. 'ನಾನು' ಎಂದು ಮೂಡಿತು, ಅಳಿಯಿತು. ಕೊನೆಗೆ ಬರೆದಳು: "ಧನ್ಯವಾದ. ಇಬ್ಬರು ಎಂದು ಪಟ್ಟಿಯಲ್ಲಿ ಸೇರಿಸಿದ್ದೇನೆ."

ಬೆಳಿಗ್ಗೆ ಲೀಡರ್ ಕೇಳಿದ: "ಎಲ್ರೂ ಆ ಹಸಿರು ಚೀಟಿ ಯಾರದು ಅಂತಿದ್ದಾರಲ್ಲ, ನಿಜವಾ, ಬುರುಡೆನಾ?"

"ಓದೋಕೆ ಚೆನ್ನಾಗಿರಲಿ ಅಂತ ಹಾಕಿದೆ, ಅಷ್ಟೇ."

ಇನ್ನು ಯಾರಿಗೂ ಹೇಳುವುದಿಲ್ಲ. ಆ ಭಾನುವಾರ ಅಂಗಳದಲ್ಲಿ ಆತನೇ ಎದುರು ನಿಂತರೂ. ಕೆಲವು ಪ್ರೀತಿಗಳು ಸಹಿಯಿಲ್ಲದ ಕಾಗದಗಳು... ತಲುಪುವ ಮನೆಗೆ ತಲುಪುತ್ತವೆ, ಬೆಳಕನ್ನೂ ತುಂಬುತ್ತವೆ. ಬರೆದವರ ಕೋಣೆ ಮಾತ್ರ ಕತ್ತಲಲ್ಲೇ ಉಳಿಯುತ್ತದೆ.