ತೊಂಬತ್ತರ ಗೆರೆ

ಗೊಬ್ಬರದ ಖಾಲಿ ಚೀಲದಿಂದ ಚೌಡಯ್ಯ ಎರಡು ವಸ್ತುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದು ಪಂಪಿನ ಕಾಂಟ್ಯಾಕ್ಟರು, ಮೋಟರಿಗೆ ಮೂರು ಫೇಸ್ ಕರೆಂಟನ್ನು ಕೂಡಿಸಿ ಬಿಡಿಸುವ ದಪ್ಪ ಸ್ವಿಚ್ಚು. ಇನ್ನೊಂದು, ಅದು ಯಾವಾಗ ಕೂಡಬೇಕು, ಯಾವಾಗ ಬಿಡಬೇಕು ಎಂದು ಹೇಳುವ ಬೋರ್ಡು. ಬೋರ್ಡು ಇದೇ ಅಂಗಡಿಯದು. ಶ್ರೀರಂಗಪಟ್ಟಣದ ಸ್ಟೇಷನ್ ರಸ್ತೆಯಲ್ಲಿ ಚಿಕ್ಕಸ್ವಾಮಿ ಹತ್ತು ವರ್ಷದಿಂದ ಊರೂರಿನ ನೀರಿನ ಟ್ಯಾಂಕುಗಳಿಗೆ ಇಂಥ ಬೋರ್ಡು ಮಾಡಿ ಕೂರಿಸುತ್ತಿದ್ದಾನೆ.

"ನಾಳೆ ಒಳಗೆ ರೆಡಿ ಆಗ್ಬೇಕು ಕಣ್ಲಾ," ಅಂದರು ಚೌಡಯ್ಯ. ಅವರು ಬೂಕನಕೆರೆಯಿಂದ ಒಳಗಿರುವ ಒಂದು ಸಣ್ಣ ಊರಿನ ಪಂಚಾಯ್ತಿ ಮೆಂಬರು. "ಊರಿಗೆ ಐದು ದಿನದಿಂದ ನೀರಿಲ್ಲ. ಟ್ಯಾಂಕರ್ ತರ್ಸಿ ಸಾಕಾಗೋಯ್ತು."

"ಏನಾಯ್ತು?"

"ನಿಂಗೊತ್ತಿಲ್ವಾ? ನಮ್ಮ ನೀರುಗಂಟಿ ಕುಳ್ಳಯ್ಯ ಓಗ್ಬುಟ್ಟ. ಗುರುವಾರ ಬೆಳಗ್ಗೆ ನೀರು ಏರ್ತಿಲ್ಲ ಅಂತ ಬೋರ್‌ವೆಲ್ ತಾವ ವೈರಿನ ಜಾಯಿಂಟು ಬಿಚ್ಚವ್ನೆ. ಆಫ್ ಮಾಡ್ದೆ ಕೈ ಇಕ್ಕವ್ನೆ, ಕರೆಂಟು ಹಿಡ್ಕತು. ಕುಡ್ದಿದ್ನೇನೋ ಅಂತಾರೆ. ಅವನ ಎಂಡ್ತಿ ಮಂಚಮ್ಮ ದಿನಾ ಪಂಚಾಯ್ತಿ ಆಪೀಸು ಬಾಗ್ಲಲ್ಲಿ ಬಂದು ಕುಂತ್ಕತಾಳೆ. ಒಂದೇ ಮಾತು. ನನ್ನ ಗಂಡ ಆಫ್ ಮಾಡ್ದೆ ಮುಟ್ಟೋನಲ್ಲ, ಅಂಗಂತ ಬರ್ಕೊಡಿ ಅಂತ. ತಾಲ್ಲೂಕು ಸಾಹೇಬ್ರು ಆಗ್ಲೇ ಬರ್ದಾಯ್ತು, ಅಜಾಗರೂಕತೆ ಅಂತ. ನಾವೇನ್ ಮಾಡನ?"

ಚೌಡಯ್ಯ ಟೀ ಕುಡಿದು ಹೋದರು. ಅಲ್ಲಿಯವರೆಗೂ ಚಿಕ್ಕಸ್ವಾಮಿ ಬೋರ್ಡನ್ನು ಮುಟ್ಟಲಿಲ್ಲ.

ಮುಟ್ಟಿದ್ದು ಸ್ನೇಹ. ಪಾಂಡವಪುರದಿಂದ ದಿನಾ ಬರುವ, ಡಿಪ್ಲೊಮಾ ಮುಗಿಸಿದ ಹುಡುಗಿ. ಅಂಗಡಿಯಿಂದ ಹೊರಡುವ ಪ್ರತಿ ಬೋರ್ಡನ್ನೂ ಪರೀಕ್ಷೆ ಮಾಡುವವಳು ಅವಳೇ. ಮೊದಲು ಕಾಂಟ್ಯಾಕ್ಟರಿನ ಮುಚ್ಚಳ ಬಿಚ್ಚಿದಳು. ಒಳಗೆ ಕರೆಂಟನ್ನು ಕೂಡಿಸುವ ಮೂರು ಜೊತೆ ಲೋಹದ ತುಟಿಗಳಲ್ಲಿ ಎರಡು ಸುಟ್ಟು ಸವೆದು ಒಂದಕ್ಕೊಂದು ತಾಗದಂತಾಗಿದ್ದವು. ಮೂರನೆಯದು ಕರಗಿ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದರೂ ಬಿಡಲಿಲ್ಲ.

"ಅಣ್ಣ, ಇದು ವೆಲ್ಡಾಗ್ಬುಟ್ಟದೆ," ಅಂದಳು. "ಒಂದು ಫೇಸು ಮಾತ್ರ. ಮೋಟರ್ ತಿರುಗಕ್ಕಿಲ್ಲ, ಸದ್ದೂ ಇಲ್ಲ. ಆದ್ರೆ ವೈಂಡಿಂಗ್ ಮೂಲಕ ಮೂರು ವೈರಿಗೂ ಕರೆಂಟು ಬಂದಿರ್ತದೆ."

"ಹೂಂ."

"ಅಂದ್ರೆ ಆ ಮನುಷ್ಯ ಆಫ್ ಮಾಡಿದ್ರೂ..."

"ಹೂಂ ಸ್ನೇಹಾ."

ಪಂಪ್ ಮನೆಯ ಪ್ಯಾನೆಲ್ಲಿನ ಕೆಂಪು ದೀಪ ಉರಿಯುವುದು, ಕಾಂಟ್ಯಾಕ್ಟರಿನ ತುಟಿಗಳನ್ನು ಎಳೆದು ಕೂಡಿಸುವ ಕಾಯಿಲ್‌ಗೆ ಹೋಗುವ ಕರೆಂಟಿನಿಂದ. ಮೋಟರಿಗೆ ಹೋಗುವ ಕರೆಂಟಿನಿಂದಲ್ಲ. ಸ್ವಿಚ್ಚು ತಿರುಗಿಸಿದರೆ ದೀಪ ಆರುತ್ತದೆ. ಅಂಟಿಕೊಂಡ ತುಟಿ ಅಂಟಿಕೊಂಡೇ ಇರುತ್ತದೆ. ಮೈನ್ ಸ್ವಿಚ್ಚಿನ ಹಿಡಿ ಇಳಿಸಿದ್ದರೆ ಎಲ್ಲವೂ ನಿಲ್ಲುತ್ತಿತ್ತು. ಆದರೆ ಅದರ ಹಿಡಿ ಸಡಿಲವಾಗಿ ತಾನೇ ಬೀಳುತ್ತದೆಂದು ಯಾರೋ ಅದನ್ನು ಮೇಲಕ್ಕೆತ್ತಿ ತಂತಿ ಸುತ್ತಿ ಕಟ್ಟಿದ್ದನ್ನು ಚಿಕ್ಕಸ್ವಾಮಿ ಹೋದ ತಿಂಗಳು ಕಣ್ಣಾರೆ ನೋಡಿದ್ದ.

ಸ್ನೇಹ ಬೋರ್ಡನ್ನು ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು.

"ಫೀಡ್‌ಬ್ಯಾಕ್ ರೆಸಿಸ್ಟರಿನ ಕಾಲು ಕತ್ತರಿಸವ್ರೆ. ಕಟ್ಟರಲ್ಲಿ. ಯಾರಣ್ಣ ಇದು?"

"ನಾನೇ."

ಅದು ನಡೆದದ್ದು ಹೀಗೆ. ಆ ಊರಿನ ಟ್ಯಾಂಕಿನ ತಳದಲ್ಲಿ ನೀರಿನ ಒತ್ತಡ ಅಳೆಯುವ ಸೆನ್ಸರ್ ಇದೆ. ನೀರು ಏರಿದಂತೆ ಅದರ ವೋಲ್ಟೇಜು ಮೆಲ್ಲಗೆ ಏರುತ್ತದೆ. ಬೋರ್ಡಿನೊಳಗೆ ಶ್ಮಿಟ್ ಟ್ರಿಗರ್ ಎಂಬ ಸರ್ಕ್ಯೂಟ್ ಆ ವೋಲ್ಟೇಜನ್ನು ಎರಡು ಗೆರೆಗಳ ಜೊತೆ ಹೋಲಿಸುತ್ತದೆ. ತೊಂಬತ್ತು ಪರ್ಸೆಂಟ್ ದಾಟಿದರೆ ಪಂಪು ನಿಲ್ಲಬೇಕು. ಅರವತ್ತಕ್ಕೆ ಇಳಿದರೆ ಮತ್ತೆ ಶುರುವಾಗಬೇಕು. ನಡುವಿನ ಅಂತರದಲ್ಲಿ ಏನೇ ಅಲುಗಿದರೂ ಬೋರ್ಡು ತನ್ನ ಹಿಂದಿನ ತೀರ್ಮಾನಕ್ಕೇ ಅಂಟಿಕೊಂಡಿರುತ್ತದೆ. ಆ ಅಂತರವನ್ನು ಮಾಡುವುದು ಔಟ್‌ಪುಟ್ಟಿನಿಂದ ಸ್ವಲ್ಪ ಪಾಲನ್ನು ಇನ್‌ಪುಟ್ಟಿಗೆ ವಾಪಸು ತರುವ ಒಂದೇ ಒಂದು ರೆಸಿಸ್ಟರು.

ತೊಂದರೆ ಮೇಲಿನ ಬೀದಿಯದು. ಆ ಬೀದಿಯ ಪೈಪನ್ನು ಟ್ಯಾಂಕಿನ ಪಕ್ಕದಲ್ಲಿ ಎಂಬತ್ತರ ಮಟ್ಟದಲ್ಲಿ ಕೂರಿಸಿದ್ದರು. ನೀರು ಅದಕ್ಕಿಂತ ಇಳಿದರೆ ಆ ಬೀದಿಯ ನಲ್ಲಿಗಳು ಒಣಗುತ್ತಿದ್ದವು, ಬೈಗುಳ ಕುಳ್ಳಯ್ಯನ ಪಾಲಿಗೆ ಬರುತ್ತಿತ್ತು. ಹೋದ ತಿಂಗಳು ಚಿಕ್ಕಸ್ವಾಮಿ ಬೇರೆ ಕೆಲಸಕ್ಕೆ ಕೆ.ಆರ್. ಪೇಟೆ ಕಡೆ ಬಂದಿದ್ದಾಗ ಕುಳ್ಳಯ್ಯ ಅವನನ್ನು ಹಿಡಿದು ತನ್ನ ಊರಿಗೆ ಕರೆದೊಯ್ದಿದ್ದ. "ಟ್ಯಾಂಕು ಯಾವಾಗ್ಲೂ ತುಂಬಿದ್ದಂಗೇ ಇರಂಗೆ ಮಾಡ್ಕೊಡಪ್ಪ. ಆ ಬೀದಿ ಎಂಗಸ್ರ ಬಾಯಿಗಿಂತ ಬೋರ್‌ವೆಲ್ಲೇ ವಾಸಿ, ಅದಾದ್ರೂ ವಸಿ ಹೊತ್ತು ಸುಮ್ಕಿರ್ತದೆ," ಎಂದು ನಕ್ಕಿದ್ದ.

ಮಾಡಬೇಕಾಗಿದ್ದದ್ದು ಸುಲಭ. ಆ ರೆಸಿಸ್ಟರ್ ತೆಗೆದು ಆರು ಪಟ್ಟು ಮೌಲ್ಯದ್ದನ್ನು ಹಾಕಿದರೆ ಮೂವತ್ತರ ಅಂತರ ಐದಕ್ಕೆ ಇಳಿಯುತ್ತಿತ್ತು: ಎಂಬತ್ತೈದಕ್ಕೆ ಶುರು, ತೊಂಬತ್ತಕ್ಕೆ ನಿಲುಗಡೆ. ಆ ಮೌಲ್ಯದ್ದು ಅವತ್ತು ಬ್ಯಾಗಿನಲ್ಲಿ ಇರಲಿಲ್ಲ. ಊರಿಗೆ ಮರಳುವ ಬಸ್ಸಿಗೆ ಹೊತ್ತಾಗಿತ್ತು. ಅವನು ಕಾಲು ಕತ್ತರಿಸಿ, ಎರಡು ಗೆರೆಗಳನ್ನೂ ತೊಂಬತ್ತಕ್ಕೇ ಸೇರಿಸಿ, ಸೋಮವಾರ ಬಂದು ಸರಿಮಾಡುತ್ತೇನೆ ಅಂದುಕೊಂಡಿದ್ದ. ಮೂರು ಸೋಮವಾರ ಕಳೆದವು.

ಸ್ನೇಹ ಬೋರ್ಡನ್ನು ಬೆಂಚಿಗೆ ಜೋಡಿಸಿದಳು. ಸೆನ್ಸರಿನ ಬದಲು, ತಿರುಗಿಸಿದಂತೆ ವೋಲ್ಟೇಜು ಬದಲಿಸುವ ಒಂದು ಪಾಟ್ ಕೂಡಿಸಿ, ಟ್ಯಾಂಕಿಗೆ ನೀರು ಬಿದ್ದಾಗ ಏಳುವ ಅಲೆಯಷ್ಟು ಸಣ್ಣ ಅಲುಗಾಟವನ್ನು ಅದಕ್ಕೆ ಬೆರೆಸಿ, ವೋಲ್ಟೇಜನ್ನು ನಿಧಾನವಾಗಿ ಏರಿಸಿದಳು. ಆಸಿಲೋಸ್ಕೋಪಿನ ಪರದೆಯ ಮೇಲೆ ಗೀಟು ನಡುಗುತ್ತಾ ಮೇಲಕ್ಕೆ ಬಂತು. ಗೆರೆಯ ಹತ್ತಿರ ಬರುತ್ತಲೇ, ಕಾಂಟ್ಯಾಕ್ಟರಿಗೆ ಅಪ್ಪಣೆ ಕೊಡುವ ಬೋರ್ಡಿನ ರಿಲೇ ಟಕಟಕ ಹೊಡೆದುಕೊಳ್ಳತೊಡಗಿತು. ಅಲೆ ಮೇಲೆದ್ದರೆ ಆಫ್, ಕೆಳಗಿಳಿದರೆ ಆನ್. ಗೆರೆಯನ್ನು ಪೂರ್ತಿ ದಾಟುವ ಹೊತ್ತಿಗೆ ಮೂವತ್ತೊಂದು ಸಲ.

"ಪ್ರತಿ ಸಲ ಆನ್ ಆದಾಗ್ಲೂ ಮೋಟರ್ ಮಾಮೂಲಿಗಿಂತ ಆರು ಪಟ್ಟು ಕರೆಂಟು ಎಳೀತದೆ," ಅಂದಳು. "ಕಿಡಿ ಆರೋಕೂ ಪುರುಸೊತ್ತಿಲ್ಲ. ತುಟಿ ಕರಗ್ದೆ ಇನ್ನೇನ್ ಆಗ್ತದೆ. ಇನ್ನೆಲ್ಲಿ ಕತ್ತರಿಸಿದ್ದೀರ?"

"ನಾಗಮಂಗಲದ ಕಡೆ ಒಂದು ಊರಲ್ಲಿ."

ಅವಳು ಅಲ್ಲಿನ ನೀರುಗಂಟಿಗೆ ಆಗಲೇ ಫೋನು ಹಚ್ಚಿದಳು. "ಮೈನ್ ಎಳೆದ್ಬುಡಿ ಅಣ್ಣ. ಈಗಲೇ. ನಾವು ಬರೋಗಂಟ ಮುಟ್ಬೇಡಿ." ಫೋನಿಟ್ಟ ಮೇಲೆ, ಅವನ ಕಡೆ ನೋಡದೆ, ಕಟ್ಟರನ್ನು ಎತ್ತಿ ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡಳು.

ಮರುದಿನ ಬೆಳಗ್ಗೆ ನಾಗಮಂಗಲಕ್ಕೆ ಅವಳು ಹೋದಳು. ಚಿಕ್ಕಸ್ವಾಮಿ ಸರಿಮಾಡಿದ ಬೋರ್ಡು, ಹೊಸ ಕಾಂಟ್ಯಾಕ್ಟರು, ಮೈನಿಗೊಂದು ಹೊಸ ಹಿಡಿ ಮತ್ತು ಅಂಟಿಕೊಂಡ ಹಳೆಯ ಕಾಂಟ್ಯಾಕ್ಟರನ್ನು ತೆಗೆದುಕೊಂಡು ಕೆ.ಆರ್. ಪೇಟೆ ಬಸ್ಸು ಹತ್ತಿದ.

ಪಂಚಾಯ್ತಿ ಆಪೀಸಿನ ಮೆಟ್ಟಿಲ ಮೇಲೆ ಮಂಚಮ್ಮ ಕೂತಿದ್ದಳು. ಅವನು ಅವಳೆದುರು ಕುಕ್ಕರುಗಾಲಿನಲ್ಲಿ ಕೂತು ಕಾಂಟ್ಯಾಕ್ಟರನ್ನು ನೆಲದ ಮೇಲಿಟ್ಟ. ಬಾಗಿಲಲ್ಲಿ ಚೌಡಯ್ಯ ನಿಂತರು.

"ಅಕ್ಕ, ಕುಳ್ಳಣ್ಣ ಆಫ್ ಮಾಡಿದ್ರು," ಅಂದ.

"ನಂಗೊತ್ತು," ಅಂದಳು ಮಂಚಮ್ಮ. "ನಾನು ಕಾಪಿ ತಕ್ಕೋಗಿದ್ದೆ. ನನ್ನ ಗಂಡ ಸ್ವಿಚ್ಚು ತಿರುಗಿಸ್ದ. ಕೆಂಪು ದೀಪ ಆರ್ತು. ಆಮೇಕೇ ಬೋರ್‌ವೆಲ್ ತಾವ ಓಗಿದ್ದು. ಯಾವ ಸಾಹೇಬ್ರೂ ಬರ್ಕಳ್ಲಿಲ್ಲ. ಈಗ ನಿಂಗೆಂಗೆ ಗೊತ್ತಾಯ್ತು?"

ಅವನು ಅಂಟಿದ ತುಟಿಯನ್ನು ತೋರಿಸಿದ. ದೀಪ ಆರಿದರೂ ಕರೆಂಟು ಯಾಕೆ ಉಳಿಯಿತು ಎಂದು ಹೇಳಿದ. ಆಮೇಲೆ, ಬೇಕಾದ ರೆಸಿಸ್ಟರ್ ಬ್ಯಾಗಿನಲ್ಲಿ ಇಲ್ಲದೆ ತಾನು ಕತ್ತರಿಸಿದ್ದನ್ನು ಹೇಳಿದ. "ಗಾಳಿ ಎದ್ದಾಗ ಚಿಲಕ ಇಲ್ದಿದ್ರೆ ಬಾಗ್ಲು ಪಟಪಟ ಅಂತ ಹೊಡ್ಕಂಡು ಹೊಡ್ಕಂಡು ತಿರುಗಣೆನೇ ಕಿತ್ತೋಗಲ್ವಾ ಅಕ್ಕ, ಅಂಗಾಯ್ತು. ಆ ಚಿಲಕ ತೆಗ್ದೋನು ನಾನು."

"ಲೇ ಚಿಕ್ಕಸ್ವಾಮಿ," ಚೌಡಯ್ಯ ಬಾಗಿಲಿಂದಲೇ ಅಂದರು, "ಬಾಯಿ ಮುಚ್ಕೊಂಡು ಕೂರ್ಸೋದ್ನ ಕೂರ್ಸಿ ಹೋಗ್ಲಾ. ಸತ್ತೋನೇನು ಎದ್ದು ಬರ್ತಾನಾ? ಕೇಸು ನಿನ್ನ ಮ್ಯಾಕೇ ತಿರುಗ್ತದೆ. ಮೈನಿಗೆ ತಂತಿ ಕಟ್ಟಿಸ್ದೋರ್ಯಾರು ಅಂತ ನನ್ನೂ ಕೇಳ್ತಾರೆ."

"ಕೇಳ್ಲಿ ಬುಡಿ."

"ನನ್ನ ಎಳೀಬ್ಯಾಡ ಅಂದೆ."

"ನೀವು ಕಟ್ಟಿಸಿದ್ದು ನೀವೇ ಹೇಳ್ಕಳಿ ಚೌಡಣ್ಣ. ನಾನು ಕತ್ತರಿಸಿದ್ದು ನಾನು ಬರ್ಕೊಟ್ಟೇ ಬಂದಿವ್ನಿ."

ಅದು ನಿಜ. ಬಸ್ಸು ಇಳಿದವನು ಮೊದಲು ತಾಲ್ಲೂಕು ಕಚೇರಿಗೆ ಹೋಗಿ ಎರಡು ಪುಟ ಬರೆದುಕೊಟ್ಟಿದ್ದ. ಗುಮಾಸ್ತ ಓದಿ, ತಲೆಯೆತ್ತಿ ಅವನ ಮುಖ ನೋಡಿ, ಸೀಲು ಹಾಕಿ, "ಪೊಲೀಸ್ ಸ್ಟೇಷನ್ನಿಗೂ ಒಂದು ಪ್ರತಿ ಹೋಗುತ್ತೆ, ಕರೆದರೆ ಬರಬೇಕು" ಅಂದಿದ್ದ. ಸೀಲು ಬಿದ್ದ ಪ್ರತಿಯನ್ನು ಚಿಕ್ಕಸ್ವಾಮಿ ಈಗ ಮಂಚಮ್ಮನ ಕೈಗೆ ಕೊಟ್ಟ. ಅವಳಿಗೆ ಓದಲು ಬರುತ್ತಿರಲಿಲ್ಲ.

"ಎಲ್ಲಿ ಬರ್ದಿದ್ದೀಯ, ಆಫ್ ಮಾಡಿದ್ದ ಅಂತ?"

ಅವನು ಬೆರಳಿಟ್ಟು ತೋರಿಸಿದ. ಅವಳು ಆ ಸಾಲಿನ ಮೇಲೆ ತನ್ನ ಹೆಬ್ಬೆರಳನ್ನು ಇಟ್ಟು, ಕಾಗದವನ್ನು ಅಲ್ಲೇ ಮಡಿಚಿದಳು.

"ಅವತ್ತು ಆ ಸಾಮಾನು ನಿನ್ನ ತಾವ ಇದ್ದಿದ್ರೆ?"

"ಇದ್ದಿದ್ರೆ ಇಂಗಾಗ್ತಿರ್ಲಿಲ್ಲ ಅಕ್ಕ."

"ನಿನ್ನ ಕರ್ಕಬಂದಿದ್ದು ನನ್ನ ಗಂಡನೇ ಅಲ್ವಾ?"

ಅವಳು ಮೆಟ್ಟಿಲ ಕೆಳಗಿಟ್ಟಿದ್ದ ಖಾಲಿ ಕೊಡ ಎತ್ತಿಕೊಂಡು, "ನಡಿ, ಕೂರ್ಸು," ಅಂದಳು.

ಪಂಪ್ ಮನೆಯಲ್ಲಿ ಅವನು ಮೊದಲು ಮೈನ್ ಹಿಡಿಯ ತಂತಿ ಬಿಚ್ಚಿ ಕೆಳಗೆಳೆದ. ಟೆಸ್ಟರಿನಿಂದ ಮೂರು ವೈರನ್ನೂ ಮುಟ್ಟಿ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಹೊಸ ಹಿಡಿ, ಕಾಂಟ್ಯಾಕ್ಟರು, ಬೋರ್ಡು. ಮೈನ್ ಮೇಲೆತ್ತಿದಾಗ ಕಾಂಟ್ಯಾಕ್ಟರು ಟಕ್ ಎಂದು ಕೂಡಿತು. ಪೈಪಿನಲ್ಲಿ ನೀರು ಏರುವ ಸದ್ದು ಶುರುವಾಯಿತು.

"ಆಯ್ತು ಅಕ್ಕ."

"ನಿಲ್ಲೋದು ನೋಡ್ಕಂಡೇ ಓಗಣ," ಅಂದಳು ಮಂಚಮ್ಮ.

ಟ್ಯಾಂಕು ತುಂಬಲು ಎರಡು ಗಂಟೆ ಹಿಡಿಯಿತು. ಬೋರ್‌ವೆಲ್ಲಿನ ಪಕ್ಕದ ಒದ್ದೆ ನೆಲದ ಮೇಲೆ ಕುಳ್ಳಯ್ಯನ ಕಾಪಿ ಲೋಟ ಇನ್ನೂ ಬಿದ್ದಿತ್ತು. ಅವಳು ಅದನ್ನು ತೆಗೆಯಲೂ ಇಲ್ಲ, ಅದರ ಕಡೆ ಬೆನ್ನೂ ಮಾಡಲಿಲ್ಲ. ಚಿಕ್ಕಸ್ವಾಮಿ ಪ್ಯಾನೆಲ್ಲಿನಲ್ಲಿ ಟ್ಯಾಂಕಿನ ಮಟ್ಟ ತೋರಿಸುವ ಮೀಟರಿನ ಮುಳ್ಳನ್ನು ನೋಡುತ್ತಿದ್ದ. ಎಂಬತ್ತೆಂಟು. ಎಂಬತ್ತೊಂಬತ್ತು. ಮೇಲೆ ನೀರು ಬೀಳುವ ಹೊಡೆತಕ್ಕೆ ಮುಳ್ಳು ನಡುಗುತ್ತಿತ್ತು. ತೊಂಬತ್ತರ ಗೆರೆ ಮುಟ್ಟಿದಾಗ ಒಂದೇ ಒಂದು ಸಲ ಟಕ್ ಎಂದಿತು. ದೀಪ ಆರಿತು. ಮುಳ್ಳು ಹಿಂದಕ್ಕೂ ಮುಂದಕ್ಕೂ ನಡುಗಿ, ನಿಧಾನವಾಗಿ ನಿಂತಿತು.

ಅವನು ಎದ್ದು ಟೆಸ್ಟರನ್ನು ಮೂರು ವೈರಿಗೂ ಮುಟ್ಟಿಸಿ ಅವಳಿಗೆ ತೋರಿಸಿದ. ಬೆಳಕು ಬರಲಿಲ್ಲ.

"ಇನ್ನೊಂದ್ಸಲ ಹೊಡ್ಕತದಾ?"

"ಇಲ್ಲ ಅಕ್ಕ. ನೀರು ಎಂಬತ್ತೈದಕ್ಕೆ ಇಳಿಯೋಗಂಟ ಇಲ್ಲ."

ಅವಳು ತಲೆಯಾಡಿಸಿದಳು. ಆದರೂ ಬಾಗಿಲ ಹತ್ತಿರ, ಕೊಡ ಸೊಂಟಕ್ಕಿಟ್ಟುಕೊಂಡು, ಕಿವಿ ಕೊಟ್ಟು ನಿಂತೇ ಇದ್ದಳು. ಮೇಲಿನ ಬೀದಿಯಲ್ಲಿ ಯಾರೋ ನಲ್ಲಿ ತಿರುಗಿಸಿ, ನೀರು ಬಂತು ಎಂದು ಕೂಗಿದರು.