ಎಲ್ವಿಟಾ ಟೀಚರ ಕಾಗದದ ನಾಲ್ಕನೇ ಸಾಲು

ಎಲ್ವಿಟಾ ಟೀಚರ ಕಾಗದ ಬಂದ ಸೋಮವಾರ ಸಂಜೆ ಅಮ್ಮು ವರ್ಕಾಡಿಯ ತನ್ನ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಮಳೆ ಬಿಟ್ಟು ಹೊಂಬಿಸಿಲು ಬಿದ್ದಿತ್ತು. ಮಗಳು ಸ್ಪಂದನಾ ಕನ್ನಡ ಮೀಡಿಯಂ ಹತ್ತನೇ ತರಗತಿಯವಳು; ಬ್ಯಾಗು ಬಿಸಾಡಿ ಕಾಗದವನ್ನು ಗಟ್ಟಿಯಾಗಿ ಓದತೊಡಗಿದಳು.

"ಪ್ರಿಯ ಪೋಷಕರೇ, ಇನ್ನು ಪ್ರತಿ ಶುಕ್ರವಾರ ಗಣಿತದಲ್ಲಿ ಇಪ್ಪತ್ತು ಅಂಕದ ಪರೀಕ್ಷೆ ಇರುತ್ತದೆ. ಹಳೆಯ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗಳಿಂದ, ಕಲಿಸಿದ ಪಾಠದ ಪ್ರಶ್ನೆಗಳನ್ನು ಮಾತ್ರ ಆರಿಸಿ ಸೋಮವಾರ ಮನೆಗೆ ಕಳುಹಿಸುತ್ತೇನೆ. ಅವನ್ನು ಬಿಡಿಸುವಾಗ ಮೊದಲ ಹದಿನೈದು ನಿಮಿಷ ಕೂಲ್ ಆಫ್ ಟೈಮ್, ಮಕ್ಕಳು ಓದಿ ಯೋಚಿಸಬೇಕೇ ಹೊರತು ಪೆನ್ನು ಮುಟ್ಟಬಾರದು. ಶುಕ್ರವಾರ ಅದೇ ಬಗೆಯ ಪ್ರಶ್ನೆ, ಸಂಖ್ಯೆ ಬೇರೆ; ಆದ್ದರಿಂದ ಉತ್ತರ ಬಾಯಿಪಾಠ ಮಾಡಿಸಬೇಡಿ. ಈ ಅಂಕ ವಾರ್ಷಿಕ ಗ್ರೇಡಿಗೆ ಸೇರುವುದಿಲ್ಲ. ನೀವು ಕಲಿಸಬೇಕೆಂದಿಲ್ಲ, ಗಡಿಯಾರ ನೋಡಿದರೆ ಸಾಕು. ಉತ್ತರಪತ್ರಿಕೆಗೆ ಸಹಿ ಹಾಕಿ ಕಳುಹಿಸಿ."

ಬಾಯಿಪಾಠ ಬೇಡವೆಂಬ ನಾಲ್ಕನೇ ಸಾಲು ಅಮ್ಮುವಿನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಪರೀಕ್ಷೆಗೆ ಮೊದಲೇ ಪ್ರಶ್ನೆ ಕೈಗೆ ಕೊಡುತ್ತಾರೆ ಎಂದಮೇಲೆ ಬಾಯಿಪಾಠ ಮಾಡದೆ ಸುಮ್ಮನೆ ಕೂರುವಷ್ಟು ಅವಳೇನು ಪೆದ್ದಳೇ?

"ನಿನಗೆ ಗಣಿತ ಗೊತ್ತುಂಟಲ್ಲಮ್ಮ," ಎಂದಳು ಸ್ಪಂದನಾ. "ನೀನು ಎಸ್ಸೆಸ್ಸೆಲ್ಸಿ ಪಾಸಲ್ವಾ?"

ಅಮ್ಮು ನೂಲನ್ನು ಹಲ್ಲಿನಿಂದ ಕಡಿದಳು. ಶಾಲೆಯ ಫಾರ್ಮಿನಲ್ಲಿ ಹಾಗೆಂದು ಬರೆಸಿದವಳು ಅವಳೇ. ಈಗ ಇಲ್ಲವೆನ್ನುವುದು ಹೇಗೆ? ಓದು ಸಾಕು ಎಂದು ಮಗಳು ಅಮ್ಮನನ್ನೇ ತೋರಿಸಿ ಶಾಲೆ ಬಿಟ್ಟುಬಿಟ್ಟರೆ? ಹತ್ತು ವರ್ಷ ಹೊತ್ತ ಸುಳ್ಳು ಆ ಹೆದರಿಕೆಯಿಂದಲೇ ಬೆಳೆದದ್ದು.

ಗಡಿಯಾರವನ್ನು ಅಂದು ಯಾರೂ ನೋಡಲಿಲ್ಲ. ಕಾಗದದ ಜೊತೆ ಬಂದ ಪ್ರಶ್ನೆಗಳಿಗೆ ಸ್ಪಂದನಾ ಟ್ಯೂಷನ್ನಿಗೆ ಹೋಗುವ ಗೆಳತಿಯಿಂದ ಉತ್ತರ ತಂದಳು. ಅಮ್ಮು ಹತ್ತು ಸಲ ಬರೆಸಿದಳು. 5, 9, 13 ಎಂದು ಹೋಗುವ ಶ್ರೇಢಿಯ ಇಪ್ಪತ್ತನೇ ಪದ 81. ಎಂಬತ್ತೊಂದು, ಎಂಬತ್ತೊಂದು ಎನ್ನುತ್ತಲೇ ಹುಡುಗಿ ನಿದ್ದೆಹೋದಳು.

ಮುಂದಿನ ಸೋಮವಾರ ಉತ್ತರಪತ್ರಿಕೆ ಮನೆಗೆ ಬಂತು. ಇಪ್ಪತ್ತಕ್ಕೆ ನಾಲ್ಕು. ಶುಕ್ರವಾರದ ಶ್ರೇಢಿ 7, 10, 13 ಎಂದು ಶುರುವಾಗಿತ್ತು. ಸ್ಪಂದನಾ ಅದರ ಇಪ್ಪತ್ತನೇ ಪದಕ್ಕೂ 81 ಎಂದೇ ಬರೆದಿದ್ದಳು. ಪಕ್ಕದಲ್ಲಿ ಟೀಚರು ಕೆಂಪು ಶಾಯಿಯಲ್ಲಿ ಒಂದೇ ಮಾತು ಕೇಳಿದ್ದರು: "ಇದು ಎಲ್ಲಿಂದ ಬಂತು?"

"ನನ್ನ ತಲೆಗೆ ಹೋಗುದಿಲ್ಲಮ್ಮ," ಸ್ಪಂದನಾ ಅತ್ತಳು. "ನೀನು ಪಾಸಾದವಳು, ನಿನಗೆಂತ ಗೊತ್ತು? ನಾನು ನಾಳೆಯಿಂದ ಶಾಲೆಗೆ ಹೋಗುದಿಲ್ಲ. ನಿನ್ನೊಟ್ಟಿಗೆ ಬೀಡಿ ಕಟ್ಟುತ್ತೇನೆ."

ಯಾವುದನ್ನು ತಪ್ಪಿಸಲು ಅಮ್ಮು ಸುಳ್ಳು ಹೇಳಿದ್ದಳೋ ಅದೇ ಆ ಸುಳ್ಳಿನಿಂದ ಬಾಗಿಲಿಗೆ ಬಂದು ನಿಂತಿತ್ತು. ಒಳಗೆ ಹೋಗಿ ಪೆಟ್ಟಿಗೆ ತೆಗೆದು, ಸೀರೆಗಳ ಅಡಿಯಿಂದ ತನ್ನ ಎಸ್ಸೆಸ್ಸೆಲ್ಸಿ ಅಂಕಗಳ ಬುಕ್ಕು ತಂದು ಮಗಳ ಮಡಿಲಲ್ಲಿಟ್ಟಳು. ಒಟ್ಟು ಆರುನೂರಕ್ಕೆ ಇನ್ನೂರ ಆರು. ಆ ಕಾಲಕ್ಕೆ ಪಾಸಾಗಲು ಇನ್ನೂರ ಹತ್ತು ಬೇಕಿತ್ತು.

"ನಾನು ಫೇಲು ಮಾರಾಯ್ತಿ. ಬಾಯಿಪಾಠ ಮಾಡಿಯೇ ಹೋದದ್ದು. ಪರೀಕ್ಷೆಯಲ್ಲಿ ಸಂಖ್ಯೆ ಬದಲಾದ ಕೂಡಲೇ ಎಲ್ಲ ಮರೆತುಹೋಯ್ತು. ಅದನ್ನೇ ನಿನಗೂ ಮಾಡಿಸಿದೆ ನೋಡು. ಟೀಚರು ಬೇಡ ಅಂತ ಬರೆದಿದ್ರು."

ಸ್ಪಂದನಾ ಪುಟದ ಮೂಲೆಯಲ್ಲಿದ್ದ ಫೋಟೋವನ್ನು ಬಹಳ ಹೊತ್ತು ನೋಡಿದಳು. ಎರಡು ಜಡೆಯ ಹುಡುಗಿ, ತನ್ನದೇ ಮೂಗು. ಬೈಯುತ್ತಾಳೆಂದು ಅಮ್ಮು ಕಾದಳು. ಮಗಳು ಬೈಯಲಿಲ್ಲ, ಕಣ್ಣೊರೆಸಿಕೊಂಡು ಬ್ಯಾಗಿನಿಂದ ಈ ವಾರದ ಹಳೆಯ ಪ್ರಶ್ನೆಗಳ ಹಾಳೆ ತೆಗೆದಳು.

"ಗಡಿಯಾರ ನೋಡು. ಹದಿನೈದು ನಿಮಿಷ."

ಅಮ್ಮು ಬೀಡಿಯ ತಡ್ಪೆಮೊರವನ್ನು ಗೋಡೆಗೆ ಸರಿಸಿದಳು. ಬೆಳಕಿರುವಾಗ ಕೈ ಖಾಲಿಯಿಟ್ಟು ಕೂತು ಎಷ್ಟು ವರ್ಷವಾಯಿತೋ ಅವಳಿಗೇ ನೆನಪಿಲ್ಲ. ಇಬ್ಬರ ನಡುವೆ ಒಂದೇ ಹಾಳೆ. ಮಾಡಿನಿಂದ ಹನಿ ಬೀಳುತ್ತಿತ್ತು, ಒಂದರ ಹಿಂದೆ ಒಂದು, ಅಷ್ಟೇ ಅಂತರ ಬಿಟ್ಟು. ಮೊದಲ ಪದ 3, ಸಾಮಾನ್ಯ ವ್ಯತ್ಯಾಸ 6. ಈ ಶ್ರೇಢಿಯಲ್ಲಿ 100 ಬರುತ್ತದೆಯೇ? ಯಾಕೆ?

ಮೂರು, ಒಂಬತ್ತು, ಹದಿನೈದು. ಹನಿಗಳ ಜೊತೆ ಅಮ್ಮುವೂ ನಿಧಾನ ನಡೆದಳು. ಇಪ್ಪತ್ತೊಂದು, ಇಪ್ಪತ್ತೇಳು. ಹಳೆಯ ಶಾಲೆಯ ಬೆಂಚು, ಕಿಟಕಿಯಾಚೆಯ ಗದ್ದೆ, ಎರಡು ಜಡೆ, ಎಲ್ಲವೂ ಪಕ್ಕದಲ್ಲೇ ಇದ್ದಂತೆನಿಸಿತು. ಅಂದು ಯಾರೂ ಅವಳಿಗೆ ಹೀಗೆ ಸುಮ್ಮನೆ ಕೂರಲು ಹದಿನೈದು ನಿಮಿಷ ಕೊಟ್ಟಿರಲಿಲ್ಲ. ಎಲ್ಲವೂ ಬೆಸ. ಬೆಸಕ್ಕೆ ಆರು ಸೇರಿಸುತ್ತ ಎಷ್ಟು ದೂರ ಹೋದರೂ ಬೆಸವೇ. ನೂರು ಸಮ. ಅದು ಬರಲು ಸಾಧ್ಯವೇ ಇಲ್ಲ!

ಯಾರೂ ಹೇಳಿಕೊಡಲಿಲ್ಲ, ಬಾಯಿಪಾಠವಲ್ಲ, ಅವಳಿಗೇ ಹೊಳೆದದ್ದು. ಅಮ್ಮುವಿನ ಕೈ ತಾನಾಗಿ ಪೆನ್ನಿನ ಕಡೆ ಹೋಯಿತು.

ಸ್ಪಂದನಾ ಹಾಳೆಯಿಂದ ಕಣ್ಣು ತೆಗೆಯದೆ ಆ ಕೈ ಹಿಡಿದಳು.

"ಪೆನ್ನು ಮುಟ್ಟಬೇಡಮ್ಮ. ಇನ್ನೂ ಐದು ನಿಮಿಷ ಉಂಟು."