ಅರವತ್ತು ಪೈಸೆಯ ಅನುವಾದ

ಗಜಾಲಾ ಆರ್.ಟಿ. ನಗರದ ಮನೆಯಲ್ಲೇ ಕೂತು ಅನುವಾದ ಮಾಡುತ್ತಿದ್ದಳು. ಹೆಬ್ಬಾಳದ ತರಬೇತಿ ಕಂಪನಿಯೊಂದು ನಾಲ್ಕು ವರ್ಷದಿಂದ ಅವಳಿಗೆ ಕಾರ್ಖಾನೆ ಸುರಕ್ಷತೆಯ ಕೈಪಿಡಿಗಳನ್ನು ಕೊಡುತ್ತಿತ್ತು. ಪದಕ್ಕೆ ಎರಡು ರೂಪಾಯಿ. ಈ ಸಲ ಅಲ್ಲಿ ಕೆಲಸ ಹಂಚುವ ಸಂಯುಕ್ತಾ ಮೇಲ್ ಕಳಿಸಿದ್ದಳು: ಇಪ್ಪತ್ತು ಸಾವಿರ ಪದ, ಯಂತ್ರದ ಅನುವಾದ ತಿದ್ದಿದರೆ ಸಾಕು, ಪದಕ್ಕೆ ಅರವತ್ತು ಪೈಸೆ.

ಗಜಾಲಾ ಫೈಲ್ ತೆರೆದಳು. ಚಲಿಸುವ ಭಾಗಗಳಿಂದ ದೂರವಿರಿ ಎನ್ನಬೇಕಾದಲ್ಲಿ ಯಂತ್ರ 'ಚಲಿಸುವ ಭಾಗಗಳನ್ನು ಸ್ಪಷ್ಟವಾಗಿ ಇಡಿ' ಎಂದಿತ್ತು. ಆದರೆ ನಡುನಡುವೆ ಕೆಲವು ವಾಕ್ಯಗಳು ಚೊಕ್ಕವಾಗಿದ್ದವು. ಹಳೆಯ ಕೈಪಿಡಿ ತೆಗೆದು ನೋಡಿದಳು. ಅಕ್ಷರವೂ ಬದಲಾಗದೆ, ಅವಳವೇ ವಾಕ್ಯಗಳು.

ತನ್ನ ಕೆಲಸವನ್ನೇ ಯಂತ್ರಕ್ಕೆ ಉಣಿಸಿ, ತನಗೇ ಅಗ್ಗಕ್ಕೆ ತಿದ್ದಲು ಕೊಟ್ಟಿದ್ದಾರೆ. ಇದು ಸಂಯುಕ್ತಾಳದೇ ಕೆಲಸವೆಂದು ಅನುಮಾನ ಬಂತು. ಹೋದ ತಿಂಗಳು ಹಳೆಯ ಫೈಲುಗಳನ್ನೆಲ್ಲ ಮತ್ತೆ ಕೇಳಿದ್ದು ಅವಳೇ ಅಲ್ಲವೇ?

ಮುಖಕ್ಕೆ ಹೊಡೆದಂತೆ ಬರೆ ಎಂದು, ವಿಷಯ ಕೇಳಿದ ತಂಗಿ ಅಸ್ಮಾ ಮನೆಮಾತಾದ ದಖ್ನಿಯಲ್ಲಿ ಸಿಡಿದಳು. ಗಜಾಲಾ ಹಾಗೇ ಬರೆದಳು. ಓದಿ ಅಳಿಸಿದಳು. ದುಡ್ಡು ಪಡೆದ ಮೇಲೆ ಆ ವಾಕ್ಯಗಳು ಕಂಪನಿಯವು. ಸಂಯುಕ್ತಾಳ ಮೇಲೆ ಪುರಾವೆಯೂ ಇರಲಿಲ್ಲ. ಮತ್ತೆ ಬರೆದಳು:

'ಸಂಯುಕ್ತಾ ಅವರೇ, ನನ್ನನ್ನು ನೆನಪಿಸಿಕೊಂಡಿದ್ದಕ್ಕೆ ಧನ್ಯವಾದ. ಫೈಲ್ ನೋಡಿದೆ. ಬಹುಪಾಲು ಹೊಸದಾಗಿಯೇ ಬರೆಯಬೇಕಾಗುತ್ತದೆ. ಈ ದರದಲ್ಲಿ ಅದಕ್ಕೆ ನ್ಯಾಯ ಒದಗಿಸಲಾರೆ, ಹಾಗಾಗಿ ಈ ಬಾರಿ ಒಪ್ಪಿಕೊಳ್ಳಲಾಗುತ್ತಿಲ್ಲ. ಬಜೆಟ್ ಇಷ್ಟೇ ಇದ್ದರೆ, ಎಚ್ಚರಿಕೆಗಳ ಅಧ್ಯಾಯವನ್ನಷ್ಟೇ ನನ್ನ ಎಂದಿನ ದರಕ್ಕೆ ಮಾಡಿಕೊಡಬಲ್ಲೆ. ತಪ್ಪಾದರೆ ಕೆಲಸಗಾರರಿಗೆ ಪೆಟ್ಟಾಗುವುದು ಅಲ್ಲಿಯೇ. ಮುಂದಿನ ಕೆಲಸಗಳಿಗೂ ದಯವಿಟ್ಟು ಕೇಳಿ.'

ಒಂದು ಗಂಟೆಯಲ್ಲಿ ಫೋನ್ ಬಂತು. ಸಂಯುಕ್ತಾಳ ದನಿ ತಗ್ಗಿತ್ತು.

"ಮೇಡಂ, ನಿಮ್ಗೆ ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ಯಾವುದರ ಬಗ್ಗೆ?"

ಸಂಯುಕ್ತಾ ದನಿಯನ್ನು ಇನ್ನಷ್ಟು ತಗ್ಗಿಸಿದಳು. "ನಿಮ್ ಹಳೇ ಫೈಲ್‌ಗಳ ಬಗ್ಗೆ. ಮೇಲಿನೋರು ಮೆಷೀನಿಗೆ ಹಾಕ್ಸಿದ್ರು. ನಾನ್ ಬೇಡ ಅಂದೆ, ಕೇಳ್ಲಿಲ್ಲ. ನೀವು ಬೈತೀರ ಅನ್ಕೊಂಡಿದ್ದೆ."

"ಬೈದ್ರೆ ಏನಾಗ್ತಿತ್ತು?"

"ಮೇಲ್ ಯಾರ್ಗೂ ತೋರ್ಸಕ್ಕಾಗ್ತಿರ್ಲಿಲ್ಲ. ಇದನ್ನ ಹಂಗೇ ಬಾಸ್‌ಗೆ ಕಳ್ಸಿದೀನಿ. ಪೆಟ್ಟಾಗತ್ತೆ ಅಂದಿದ್ದಕ್ಕೆ ಹೆದ್ರಿದಾರೆ. ಆ ಅಧ್ಯಾಯ ನಿಮ್ಗೇ ಕೊಡಿ ಅಂದ್ರು, ನಿಮ್ ರೇಟಿಗೆ."

ನಿಜವೋ, ತನ್ನನ್ನು ಸಮಾಧಾನಪಡಿಸಲು ಹೆಣೆದ ಮಾತೋ? ಗಜಾಲಾ ಖುಷಿ ತೋರಿಸಲಿಲ್ಲ.

"ದರ, ಪದಗಳ ಲೆಕ್ಕ ಎಲ್ಲಾ ಮೇಲ್‌ನಲ್ಲಿ ಹಾಕಿ ಸಂಯುಕ್ತಾ. ನೋಡಿ ಶುರು ಮಾಡ್ತೀನಿ."

ಮಧ್ಯಾಹ್ನ ವರ್ಕ್ ಆರ್ಡರ್ ಬಂತು, ಎರಡು ರೂಪಾಯಿಯ ದರದಲ್ಲೇ. ಗಜಾಲಾ ಅದನ್ನು ಮೂರು ಸಲ ಓದಿದಳು. ಎಲ್ಲೂ ಕೊಕ್ಕೆ ಕಾಣಲಿಲ್ಲ. ಸಂಯುಕ್ತಾಳನ್ನು ಎಷ್ಟು ನಂಬಬೇಕೆಂದು ಮಾತ್ರ ಅವಳಿಗೆ ಇನ್ನೂ ಗೊತ್ತಾಗಲಿಲ್ಲ. ಒಪ್ಪಿಗೆ ಎಂದು ಬರೆದು ಕಳಿಸಿ, ಮೊದಲ ಎಚ್ಚರಿಕೆಯನ್ನು ಅನುವಾದಿಸತೊಡಗಿದಳು.